ಒಂದೂವರೆ ವರ್ಷ ಒಂದ್ ಪೇಜಿನ ಪುಸ್ತಕ ಸಾರಾಂಶ ಓದಿದೆ: ಎಲ್ಲಿ ಉಪಯೋಗ ಆತು, ಎಲ್ಲಿ ಕೈಕೊಡ್ತು

ಹುಬ್ಬಳ್ಳಿಯೊಳಗ ನಂದು ಬೋರ್‌ವೆಲ್ ಮೋಟರು, ಪೈಪು ಮಾರೂ ಅಂಗಡಿ ಅದ, ಮನಿ ಧಾರವಾಡದಾಗ. ಪುಸ್ತಕ ಓದೂ ಹುಚ್ಚು ಮೊದ್ಲಿಂದ ಇತ್ತು ಆದ್ರ ಅಂಗಡಿ ಚಾಲೂ ಮಾಡಿದ ಮ್ಯಾಲೆ ಮುನ್ನೂರು ಪುಟದ ಪುಸ್ತಕ ಹಿಡಕೊಂಡು ಕುಂದ್ರೂದು ಆಗವಲ್ದು. ಓದಾಕ ಸಿಗೂ ಟೈಮ್ ಅಂದ್ರ ದಿನಾ ಚಿಗರಿ ಬಸ್ಸಿನ್ಯಾಗ ಹೋಗಿ ಬರೂದಷ್ಟ, ಅದೂ ಕುಂದ್ರಾಕ ಜಾಗಾ ಸಿಕ್ಕ್ರ. ಅದಕ್ಕ ಈ ಸಾರಾಂಶದ ಸೇವೆಗೆ ಸೇರ್ಕೊಂಡೆ, ಈಗ 18 ತಿಂಗಳಾತು.

ಹೆಸರು ಬರಿಯೂದಿಲ್ಲ, ಭಾಳ ಸಣ್ಣ ಸೇವೆ, ರಿಟೈರ್ ಆದ ಮಾಸ್ತರೊಬ್ಬರು ಮಾಡ್ತಾರ. ತಿಂಗಳಿಗೆ 60 ರೂಪಾಯಿ, ಎರಡು ಪುಸ್ತಕ, ಒಂದೊಂದಕ್ಕ ಒಂದೊಂದು ಎ4 ಹಾಳಿ, ಅಧ್ಯಾಯದ ಪ್ರಕಾರ ಕನ್ನಡದಾಗ ಸಾರಾಂಶ, ವಾಟ್ಸಾಪಿಗೆ ಪಿಡಿಎಫ್ ಬರ್ತದ. ಎಲ್ಲಾ ಸೆಲ್ಫ್ ಹೆಲ್ಪ್ ಪುಸ್ತಕಾನ. ರೊಕ್ಕದ ಬಗ್ಗೆ ತಕರಾರು ಇಲ್ಲ, ಒಂದು ತಿಂಗಳೂ ತಪ್ಪಿಸಿಲ್ಲ, ಅಕ್ಷರ ದೋಷ ಕಡಿಮಿ. ಮೊದ್ಲ ಆರು ತಿಂಗಳು ನಾನು ಎಲ್ಲಾರಿಗೂ ತಗೊಳ್ರಿ ತಗೊಳ್ರಿ ಅಂತ ಹೇಳ್ಕೋತ ಅಡ್ಡಾಡೀನಿ.

ಆಮ್ಯಾಲೆ ಸ್ಟೀಫನ್ ಕೋವಿ ಅವರ ‘ದ ಸೆವೆನ್ ಹ್ಯಾಬಿಟ್ಸ್ ಆಫ್ ಹೈಲಿ ಎಫೆಕ್ಟಿವ್ ಪೀಪಲ್’ ಪುಸ್ತಕದ ಹಾಳಿ ಬಂತು. 1989ರಾಗ ಬಂದ ಪುಸ್ತಕ, ಇಂಥಾ ಪುಸ್ತಕ ಓದಾವ್ರಿಗೆ ಹೆಸರಂತೂ ಗೊತ್ತಿರ್ತದ. ಹಾಳಿ ನೋಡಾಕ ಏನ್ ಚಂದ ಇತ್ತ್ರೀ, ಏಳು ಅಭ್ಯಾಸಕ್ಕ ಏಳು ಚೌಕ, ಒಂದೊಂದು ಚೌಕದಾಗ ನಾಕ್ ನಾಕ್ ಸಾಲು. ಪ್ರಿಂಟ್ ತಗಿಸಿ ಅಂಗಡ್ಯಾಗ ಗಲ್ಲಾದ ಹಿಂದ ಹಚ್ಚಿದೆ. ಮೂರು ತಿಂಗಳು ಅದನ್ನ ನೋಡ್ಕೋತ ವ್ಯಾಪಾರ ಮಾಡಿದೆ ಮತ್ತ ಎರಡು ಕಡೆ ಸರಿಯಾಗಿ ಪೆಟ್ಟು ತಿಂದೆ. ಕಡೀಕ ಧಾರವಾಡದ ಸುಭಾಸ ರೋಡಿಗೆ ಹೋಗಿ ಪುಸ್ತಕಾನ ಕೊಂಡು ತಂದು, ಎರಡು ತಿಂಗಳು ಹಿಡದ್ರೂ ಪೂರ್ತಿ ಓದಿ, ಹಾಳಿಗೆ ಹೊಂದಿಸಿ ನೋಡಿದೆ. ಹಂಗ ನೋಡಿದಾಗ ಗೊತ್ತಾದದ್ದನ್ನ ಇಲ್ಲಿ ಬರೀತೀನಿ, ಇಂಥಾ ಸೇವೆ ತಗೊಳ್ಳಾವ್ರಿಗೂ ಬೇಕು, ಸಾರಾಂಶ ಬರಿಯಾವ್ರಿಗೂ ಬೇಕು.

ಮೊದ್ಲನೇ ತಪ್ಪು ಏನಂದ್ರ ಹಾಳಿಯೊಳಗ ಏಳು ಅಭ್ಯಾಸ ಇದ್ದ್ವು, ಪುಸ್ತಕದೊಳಗ ಇರೂ ಅಧ್ಯಾಯ ಏಳಲ್ಲ. ಶುರುವಿನ್ಯಾಗ ನಂಬರ್ ಇಲ್ಲದ ಅಧ್ಯಾಯ ಅದಾವು, ಅಲ್ಲಿ ಪೂರ್ತಿ ಪುಸ್ತಕದ ನಕಾಶೆ ಅದ: ಮನಷ್ಯಾ ಮೊದ್ಲ ಇನ್ನೊಬ್ಬರ ಮ್ಯಾಲೆ ಅವಲಂಬಿಸಿರ್ತಾನ, ಆಮ್ಯಾಲೆ ಸ್ವತಂತ್ರ ಆಗ್ತಾನ, ಅದರ ಮುಂದಿನದು ಒಬ್ಬರಿಗೊಬ್ಬರು ಕೂಡಿ ಮಾಡೂದು. ಮೊದ್ಲ ಮೂರು ಅಭ್ಯಾಸ ತನ್ನನ್ನ ತಾ ಗೆಲ್ಲೂ ಸಲುವಾಗಿ, ನಾಕು ಐದು ಆರು ಮಂದಿ ಜೋಡಿ ಬದುಕೂ ಸಲುವಾಗಿ, ಏಳನೇದು ಎಲ್ಲಾದನ್ನೂ ಹರಿತ ಇಟ್ಕೊಳ್ಳಾಕ. ಆಮ್ಯಾಲೆ ಮೂರು ಮತ್ತ ನಾಕರ ನಡುವ ನಂಬರ್ ಇಲ್ಲದ್ದ ಇನ್ನೊಂದು ಅಧ್ಯಾಯ ಅದ, ಅದರಾಗ ಸಂಬಂಧ ಅನ್ನೂದು ಬ್ಯಾಂಕ್ ಖಾತೆ ಇದ್ದಂಗ ಅಂತ ಹೇಳ್ಯಾರ. ಕೊಟ್ಟ ಮಾತು ನಡಿಸಿದ್ರ ಜಮಾ, ತಪ್ಪಿಸಿದ್ರ ಖರ್ಚು. ಸಣ್ಣ ಸಣ್ಣ ವಿಷಯ ನೋಡ್ಕೊಳ್ಳೂದು, ಯಾರಿಂದ ಏನು ಅಪೇಕ್ಷಾ ಅದ ಅಂತ ಮೊದ್ಲ ಬಿಚ್ಚಿ ಮಾತಾಡೂದು, ತಪ್ಪಾದ್ರ ಮನಸ್ಸಿನಿಂದ ಕ್ಷಮಾ ಕೇಳೂದು, ಇವೆಲ್ಲಾ ಜಮಾ. ಹಾಳಿಯೊಳಗ ಈ ಅಧ್ಯಾಯಾನ ಇಲ್ಲ! ಯಾಕಂದ್ರ ಅದಕ್ಕ ನಂಬರ್ ಇಲ್ಲ, ಏಳು ಚೌಕದಾಗ ಅದು ಕುಂದ್ರೂದಿಲ್ಲ.

ಅದರಿಂದ ನನಗೇನಾತು ನೋಡ್ರಿ. ಬೋರ್ ಹೊಡಿಯೂ ಪಾರ್ಟಿಯವ್ರೊಬ್ಬರು ನನಗ ಗಿರಾಕಿ ಕಳಸ್ತಿದ್ರು, ನಡುವ ಕಳಸೂದು ಬಿಟ್ರು. ಹಾಳಿಯೊಳಗ ನಾಕನೇ ಚೌಕದಾಗ ‘ಇಬ್ಬರಿಗೂ ಲಾಭವಾಗುವಂತೆ ಯೋಚಿಸಿ’ ಅಂತ ಇತ್ತಲ್ಲ, ನಾನು ಅವ್ರ ಹಂತ್ಯಾಕ ಹೋಗಿ ಕಮಿಷನ್ ಹಿಂಗ ಹಂಚ್ಕೊಳ್ಳೂಣು, ನಿಮಗೂ ಛಲೋ ನನಗೂ ಛಲೋ ಅಂದೆ. ಅವ್ರು ಚಾ ಕಪ್ ಕೆಳಗ ಇಟ್ಟು “ಅಣ್ಣಾರ, ಹ್ವಾದ ಸರ್ತಿ ಪೈಪು ಮೂರು ದಿನ ತಡಾ ಕಳಿಸಿದ್ರಿ, ರೈತನ ಮುಂದ ನನ್ನ ಮಾತು ಹೋತು, ಮೊದ್ಲ ಅದರದ್ದು ಹೇಳ್ರಿ” ಅಂದ್ರು. ನನ್ನ ಕಡೆ ಉತ್ತರ ಇರ್ಲಿಲ್ಲ. ಖಾತೆಯೊಳಗ ಜಮಾ ಇಲ್ಲದ ನಾನು ನಾಕನೇ ಅಭ್ಯಾಸಕ್ಕ ಹೋಗಿದ್ದೆ. ಪುಸ್ತಕದಾಗ ಆ ಅಧ್ಯಾಯ ನಾಕರ ಮುಂದ ಇಟ್ಟಿದ್ದ ಅದಕ್ಕ.

ಎರಡನೇ ಪೆಟ್ಟು ಮೂರನೇ ಅಭ್ಯಾಸದ್ದು. ಹಾಳಿಯೊಳಗ ಇದ್ದದ್ದು ಇಷ್ಟು: ‘ಮುಖ್ಯವಾದ ಕೆಲಸವನ್ನು ಮೊದಲು ಮಾಡಿ. ಸಮಯ ವ್ಯರ್ಥ ಮಾಡಬೇಡಿ. ಆದ್ಯತೆಗಳನ್ನು ಗುರುತಿಸಿ. ಇಲ್ಲ ಎನ್ನುವುದನ್ನು ಕಲಿಯಿರಿ.’ ಇದನ್ನ ಓದಿ ನಾನು ಏನ್ ತಿಳಕೊಂಡೆ ಅಂದ್ರ, ಯಾರು ಜೋರ್ ಒದರ್ತಾರ ಅವ್ರ ಕೆಲಸ ಮುಖ್ಯ. ಮಾರ್ಚ್ ತಿಂಗಳದಾಗ ಒಬ್ಬಾಂವ ಮೋಟರ್ ಸುಟ್ಟೈತಿ ಅಂತ ಬರ್ತಾನ, ಇನ್ನೊಬ್ಬಾಂವ ಸ್ಟಾರ್ಟರ್ ಹೋಗೈತಿ ಅಂತಾನ, ಅತ್ತಾಗ 20ನೇ ತಾರೀಖಿನೊಳಗ ಜಿಎಸ್‌ಟಿ ರಿಟರ್ನ್ ತುಂಬಬೇಕು, ಇತ್ತಾಗ ಫೋನು ನಿಂದ್ರೂದಿಲ್ಲ, ಅಂಥಾದ್ರಾಗ ಕೆಪ್ಯಾಸಿಟರ್ ಸ್ಟಾಕ್ ಖಾಲಿ ಅಂತ ಹುಡುಗ ಬಂದು ಹೇಳ್ತಾನ. ಇಡೀ ಬ್ಯಾಸಿಗಿ ಹಂಗ ಓಡ್ಯಾಡಿ ಮುಗೀತು.

ಪುಸ್ತಕದಾಗಿನ ವಿಚಾರ ಬ್ಯಾರೇನ ಅದ. ತುರ್ತು ಬ್ಯಾರೆ, ಮಹತ್ವ ಬ್ಯಾರೆ, ಎರಡನ್ನೂ ಅಡ್ಡ ಉದ್ದ ಇಟ್ರ ನಾಕು ಮನಿ ಆಗ್ತಾವು. ಬೆಳಿ ಒಣಗಾಕತ್ತೈತಿ ಅಂತ ರೈತ ಬಂದ್ರ ಅದು ತುರ್ತೂ ಹೌದು ಮಹತ್ವದ್ದೂ ಹೌದು, ಒಂದನೇ ಮನಿ. ಬ್ಯಾಸಿಗಿ ಬರೂಕಿಂತ ಮೊದ್ಲ ಸ್ಟಾಕ್ ಎಣಿಸೂದು, ಹುಡುಗಗ ಕೇಬಲ್ ಜಾಯಿಂಟ್ ಹಾಕೂದು ಕಲಸೂದು, ಇವು ಮಹತ್ವದ್ದು ಆದ್ರ ತುರ್ತಿಲ್ಲ, ಎರಡನೇ ಮನಿ. ಮೂರನೇ ಮನಿ ಅಂದ್ರ ಸುಮ್ಮ ಗದ್ದಲ ಮಾಡೂ ಕೆಲಸ, ನಾಕನೇದು ಎರಡೂ ಅಲ್ಲ. ಎರಡನೇ ಮನ್ಯಾಗಿನ ಕೆಲಸಕ್ಕ ಯಾರೂ ಫೋನ್ ಮಾಡಿ ನೆನಪು ಮಾಡೂದಿಲ್ಲ, ಅದನ್ನ ಮಾಡಿದಷ್ಟು ಒಂದನೇ ಮನಿ ತಾನ ಸಣ್ಣದಾಗ್ತದ, ಅದಕ್ಕ ಬೇಕಾದ ಟೈಮನ್ನ ಮೂರು ನಾಕನೇ ಮನಿಯಿಂದ ಕೀಳಬೇಕು. ಮತ್ತ ದಿನದ ಲಿಸ್ಟ್ ಸಾಲೂದಿಲ್ಲ, ವಾರದ ಲೆಕ್ಕ ಹಾಕ್ರಿ ಅಂತಾರ: ನಿಮ್ಮ ಪಾತ್ರ ಯಾವ್ಯಾವು ಬರೀರಿ, ಒಂದೊಂದಕ್ಕ ಆ ವಾರದ ಒಂದೋ ಎರಡೋ ಗುರಿ, ಆಮ್ಯಾಲೆ ಅದಕ್ಕ ದಿನಾ ಗೊತ್ತು ಮಾಡ್ರಿ. ನಾ ಮೂರು ಬರದೆ, ಅಂಗಡಿಕಾರ, ಅಪ್ಪ, ಮಗ. ಅಂಗಡಿಕಾರಗ ಮಂಗಳವಾರ ಮುಂಜಾನೆ ಹತ್ತರಿಂದ ಹನ್ನೊಂದೂವರೆ ಸ್ಟಾಕ್ ಎಣಿಸೂ ಟೈಮ್. ಈ ಸರ್ತಿ ಜನವರಿಯೊಳಗ ಎಣಿಸಿ ಕೆಪ್ಯಾಸಿಟರ್ ತರಿಸಿಟ್ಟಿದ್ದೆ, ಮಾರ್ಚಿನ್ಯಾಗ ಆ ಒಂದು ಓಡಾಟ ತಪ್ಪಿತು. ಮೋಟರ್ ಸುಡೂದು ಮಾತ್ರ ನನ್ನ ಕೈಯಾಗ ಇಲ್ಲ, ಅದು ಹಂಗ ಅದ.

ಅಂದ್ರ ‘ಮುಖ್ಯವಾದ ಕೆಲಸ ಮೊದಲು ಮಾಡಿ’ ಅನ್ನೂದು ಆ ಅಧ್ಯಾಯದ ಸಾರಾಂಶ ಅಲ್ಲ, ಅದು ಅಧ್ಯಾಯದ ಹೆಸರು ಅಷ್ಟ. ಹೆಸರನ್ನ ನಾಕು ಸಾಲು ಮಾಡಿ ಬರದಿದ್ರು.

ಇದನ್ನೆಲ್ಲಾ ಮಾಸ್ತರಿಗೆ ಉದ್ದಕ್ಕ ಬರದು ಕಳಿಸಿದೆ, ಸಿಟ್ಟಿಗೆ ಏಳ್ತಾರೇನೋ ಅಂತ ಅಂಜಿಕಿ ಇತ್ತು, ಆದ್ರ ಅವ್ರು ಮರುದಿನಾನ ಫೋನ್ ಮಾಡಿ “ತಮ್ಮಾ, ಚೌಕ ಸರಿ ಕಾಣಬೇಕಂತ ಸಾಲು ಸಮ ಹಂಚಿದ್ದೆ, ಅದ ತಪ್ಪಾತು” ಅಂದ್ರು. ಇಪ್ಪತ್ತು ದಿನದ ಮ್ಯಾಲೆ ಹೊಸಾ ಹಾಳಿ ಬಂತು. ಎ4 ಮ್ಯಾಲೆ ಓದಾಕ ಬರೂ ಅಕ್ಷರದಾಗ ಅವ್ರಿಗೆ ಸಿಗೂದು 35 ಸಾಲು, ಕನ್ನಡದ ಪದ ಉದ್ದ ಇರ್ತಾವಲ್ಲ, ಸಾಲಿಗೆ ಒಂಬತ್ತೋ ಹತ್ತೋ ಪದ. ಈಗ ಮೂರನೇ ಅಭ್ಯಾಸಕ್ಕ 8 ಸಾಲು, ಬ್ಯಾಂಕ್ ಖಾತೆಯ ಅಧ್ಯಾಯಕ್ಕ 5, ಶುರುವಿನ ನಕಾಶೆಗೆ 4, ಆರು ಮತ್ತ ಏಳಕ್ಕ ಎರಡೆರಡ. ಚೌಕ ಹ್ವಾದ್ವು, ಅದರ ಬದ್ಲಿ ಎಡಗಡೆ ಅಂಚಿನ್ಯಾಗ ‘ಇದಾದ ಮೇಲೇ ಅದು’ ಅಂತ ಬಾಣದ ಗುರುತು. ಮೂರನೇದರಾಗ ಹಿಂಗ ಬರದಾರ: ‘ತುರ್ತಿಲ್ಲದ ಮಹತ್ವದ ಕೆಲಸಕ್ಕೆ ಯಾರೂ ನಿಮ್ಮನ್ನು ಕರೆಯುವುದಿಲ್ಲ. ಅದಕ್ಕೆ ವಾರ ಶುರುವಾಗುವ ಮೊದಲೇ ನೀವೇ ಜಾಗ ಹಿಡಿದಿಡಿ.’ ಇದನ್ನ ಓದಿದಾಂವಗ ಸೋಮವಾರ ಏನ್ ಮಾಡಬೇಕು ಅಂತ ತಿಳೀತದ.

ಹಂಗಂತ ನೋಡಾಕ ಹೋದ್ರ ಅವ್ರ ಹಳೇ ಹಾಳಿ ಎಲ್ಲಾ ಕೆಟ್ಟ ಅಂತಿಲ್ಲ. ಈಗ ನಾನು ಹೊಸಾ ಹಾಳಿ ಬಂದ್ಕೂಡ್ಲೆ ಎರಡು ಕೆಲಸ ಮಾಡ್ತೀನಿ. ಒಂದು, ಅಧ್ಯಾಯದ ಹೆಸರಿನ ಮ್ಯಾಲೆ ಬೊಟ್ಟು ಇಟ್ಟು ಮುಚ್ಚಿ ಕೆಳಗಿನ ಸಾಲು ಅಷ್ಟ ಓದ್ತೀನಿ, ಆ ಸಾಲು ಬ್ಯಾರೆ ಯಾವ ಪುಸ್ತಕಕ್ಕೂ ಹೊಂದ್ತದ ಅಂದ್ರ ಅಲ್ಲಿ ಏನೂ ಉಳದಿಲ್ಲ ಅಂತ ತಿಳಕೊಂಡು ಪೆನ್ಸಿಲ್ಲಿನಿಂದ ಗುರುತು ಹಾಕ್ತೀನಿ. ಎರಡು, ಮ್ಯಾಲಿನ ಅಧ್ಯಾಯ ಕೆಳಗ, ಕೆಳಗಿನದು ಮ್ಯಾಲೆ ಮಾಡಿ ಓದ್ತೀನಿ. ಕೆಲವು ಪುಸ್ತಕ ಹಂಗ ಇರ್ತಾವು, ಯಾವ ಅಧ್ಯಾಯ ಎಲ್ಲಿದ್ರೂ ನಡೀತದ. ಆದ್ರ ಕೋವಿಯವ್ರಂಥಾ ಮೆಟ್ಲಾ ಮೆಟ್ಲಾ ಕಟ್ಟಿದ ಪುಸ್ತಕದಾಗೂ ಏನೂ ಫರಕ್ ಆಗವಲ್ದು ಅಂದ್ರ ಕೊಂಡಿ ಬಿಟ್ಟಾರ ಅಂತ ಅರ್ಥ. ಅಂಥಾ ಪುಸ್ತಕ ಇದ್ರ ನಾನು ಕೊಂಡು ಓದ್ತೀನಿ, ಇಲ್ಲಾಂದ್ರ ಹಾಳಿ ಸಾಕು.

ಒಂದು ವಿಚಾರ ಮಾಸ್ತರಿಗೆ ಇನ್ನೂ ಒಪ್ಪಿಸಾಕ ಆಗಿಲ್ಲ. ಕೆಲವು ಪುಸ್ತಕದಾಗ ಒಂದ ಮಾತು ಹತ್ತು ಅಧ್ಯಾಯ ಹೇಳಿರ್ತಾರ, ಕಥಿ ಅಷ್ಟ ಬದ್ಲಿ. ಅಲ್ಲಿ ಅವ್ರು ಅಧ್ಯಾಯದ ಪ್ರಕಾರ ಅಂತ ಹಠ ಹಿಡದು ಹತ್ತೂ ಅಧ್ಯಾಯ ಬರೀತಾರ, ಹಾಳಿ ತುಂಬ್ತದ, ತಲಿಯೊಳಗ ಒಂದ ಸಾಲು ಉಳೀತದ. ‘ಮೂರರಿಂದ ಆರು: ಅದೇ ಮಾತು, ಬೇರೆ ಉದಾಹರಣೆ’ ಅಂತ ಒಂದು ಸಾಲು ಹಾಕಿ ಉಳದ ಜಾಗಾದಾಗ ಒಂದು ಛಲೋ ಉದಾಹರಣೆನ ಪೂರ್ತಿ ಬರದ್ರ ನಮಗ ಎಷ್ಟೋ ಉಪಯೋಗ. ಕಥಿ ಪೂರಾ ತಗದು ಬರೇ ಸೂತ್ರ ಇಟ್ರ ಅದು ನೆನಪು ಉಳಿಯೂದಿಲ್ಲ, ನನಗಂತೂ ಉಳದಿಲ್ಲ. ಖಾತೆಯ ಅಧ್ಯಾಯ ನನಗ ಇವತ್ತಿಗೂ ನೆನಪಿರೂದು ಆ ಬೋರ್ ಪಾರ್ಟಿಯವ್ರು ಚಾ ಕಪ್ ಕೆಳಗ ಇಟ್ಟದ್ದಕ್ಕ.

5ರಾಗ 4 ಕೊಡ್ತೀನಿ, ಮುಂದಿನ ವರ್ಷದ ರೊಕ್ಕಾನೂ ತುಂಬೀನಿ. ಅಂದಂಗ ಮೊಬೈಲಿನ್ಯಾಗ ಓದಾವ್ರು ಒಂದು ತಿಳಕೊಳ್ರಿ, ಎ4 ಪಿಡಿಎಫ್ ಫೋನಿನ್ಯಾಗ ಭಾಳ ಸಣ್ಣ ಕಾಣ್ತದ, ಚಿಗರಿಯೊಳಗ ನಿಂತು ಒಂದು ಕೈಲೆ ಕಂಬಿ ಹಿಡಕೊಂಡು ಝೂಮ್ ಮಾಡೂದು ಆಗೂದಿಲ್ಲ, ಜೆರಾಕ್ಸ್ ಅಂಗಡ್ಯಾಗ ಪ್ರಿಂಟ್ ತಗಿಸಿ ಅಂಗಿ ಕಿಸೆದಾಗ ಇಟ್ಕೊಳ್ರಿ.