‘ಸುಲಭ’ ಮಟ್ಟದಲ್ಲೇ ಮೇಷ್ಟ್ರು ಸೋತರು: ಚೆಸ್ ಆ್ಯಪ್ ಒಂದು ವರ್ಷ ಬಳಸಿದ ಮೇಲೆ

ಈ ಆ್ಯಪ್ ಹಾಕಿಕೊಂಡು ವರ್ಷದ ಮೇಲಾಯಿತು. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಜಾಹೀರಾತಿಲ್ಲ, ಇಂಟರ್ನೆಟ್ ಬೇಡ, ಒಳಗೆ ಆಡೋದು ಸ್ಟಾಕ್‌ಫಿಶ್ ಎಂಜಿನ್. ಒಂದು ಸ್ಟಾರ್ ಕಡಿತ ‘ಸುಲಭ’ ಅನ್ನೋ ಬಟನ್ನಿಗೆ. ಅದು ಹೊಸಬರಿಗೆ ಸುಲಭ ಅಲ್ಲ. ಯಾಕೆ ಅಂತ ಹೇಳೋಕೆ ಒಂದೇ ಆಟ ಸಾಕು.

ನಮ್ಮ ಹಾಸನದ ಮನೆ ಪಕ್ಕದಲ್ಲಿ ನಿವೃತ್ತ ಗಣಿತದ ಮೇಷ್ಟ್ರು ಇದ್ದಾರೆ. ನಾನೂ ಅವರ ಹತ್ತಿರ ಓದಿದವನು. ಗೆಳೆಯರ ಜೊತೆ ಸಂಜೆ ಚೆಸ್ ಆಡುತ್ತಿದ್ದರು, ಜೊತೆಗಾರರು ಮಕ್ಕಳ ಹತ್ತಿರ ಬೆಂಗಳೂರಿಗೆ ಹೋದ ಮೇಲೆ ಆಟ ನಿಂತಿತ್ತು. ಅದಕ್ಕೇ ಅವರ ಟ್ಯಾಬ್‌ಗೂ ಹಾಕಿಕೊಟ್ಟು ‘ಸುಲಭ’ ಒತ್ತಿದೆ.

ಮೇಷ್ಟ್ರು ಬಿಳಿ ಕಾಯಿ. ಆಟದ ಮಧ್ಯೆ ಎಂಜಿನ್ನಿನ ಕುದುರೆ a5 ಮನೆಯಲ್ಲಿತ್ತು. ಮೇಷ್ಟ್ರು ಸಿಪಾಯಿಯನ್ನು b4ಗೆ ತಳ್ಳಿ ಅದನ್ನು ಹಿಡಿದರು. ಕುದುರೆಗೆ ಇದ್ದದ್ದು c6 ಒಂದೇ ದಾರಿ. c4 ಮೇಲೆ ಒಂಟೆಯ ಕಣ್ಣು, b3 ಮೇಲೆ ಸಿಪಾಯಿಯ ಕಣ್ಣು, b7ನಲ್ಲಿ ಅದರದೇ ಸಿಪಾಯಿ. ಎಂಜಿನ್ ಕುದುರೆ ಬಿಟ್ಟು ಸುಮ್ನೆ h6 ಆಡಿತು. ಮೇಷ್ಟ್ರು ಕುದುರೆ ಹೊಡೆದು, "ನೋಡಪ್ಪಾ, ಇದಕ್ಕೆ ಏನೂ ಬರಲ್ಲ" ಅಂದರು.

ಆಮೇಲೆ ಕಾಯಿಗಳೆಲ್ಲ ಬದಲಾಗಿ ಇಬ್ಬರಿಗೂ ಒಂದೊಂದು ಆನೆ, ಮೇಷ್ಟ್ರಿಗೆ ಮಾತ್ರ ಇನ್ನೊಂದು ಒಂಟೆ ಜಾಸ್ತಿ ಉಳಿಯಿತು. ಅವರ ರಾಜ g1ನಲ್ಲಿ, ಮುಂದೆ f2, g2, h2 ಸಿಪಾಯಿಗಳು ಅಲುಗಾಡಿಲ್ಲ. ಒಂಟೆ f5ನಲ್ಲಿ. b7 ಸಿಪಾಯಿ ಹೊಡೆಯೋ ಆಸೆಗೆ d1ನಲ್ಲಿದ್ದ ಆನೆಯನ್ನು d7ಗೆ ಒಯ್ದರು. ಎಂಜಿನ್ನಿನ ಆನೆ e8ನಿಂದ ನೇರ e1ಗೆ ಬಂತು. ಅಡ್ಡ ಬರೋಕೆ ಯಾವ ಕಾಯಿಯೂ ಇಲ್ಲ, ರಾಜನಿಗೆ ಹೋಗೋಕೆ ಮನೆಯೂ ಇಲ್ಲ. ಚೆಕ್‌ಮೇಟ್.

"ಕುದುರೆ ಉಳಿಸಿಕೊಳ್ಳೋಕೆ ಬರದ್ದು ಇದನ್ನ ಹೇಗೆ ಕಂಡಿತು?" ಮೇಷ್ಟ್ರು ಕೇಳಿದ್ದು ಇದೊಂದೇ. ಸರಿಯಾದ ಪ್ರಶ್ನೆ.

ಸೆಟ್ಟಿಂಗ್ಸ್ ನೋಡಿದರೆ ‘ಸುಲಭ’ ಅಂದರೆ Skill Level 3. ಸ್ಟಾಕ್‌ಫಿಶ್‌ನಲ್ಲಿ ಇದು 0ಯಿಂದ 20ರವರೆಗೆ ಇರುತ್ತದೆ, 20 ಅಂದರೆ ಪೂರ್ತಿ ಬಲ. ಕಡಿಮೆ ಮಟ್ಟದಲ್ಲೂ ಅದು ಹೊಸಬರ ಹಾಗೆ ಯೋಚಿಸಲ್ಲ. ಎಂದಿನಂತೆ ಲೆಕ್ಕ ಹಾಕಿ ಅತ್ಯುತ್ತಮ ನಾಲ್ಕು ನಡೆಗಳನ್ನು ಇಟ್ಟುಕೊಳ್ಳುತ್ತದೆ, ಮಟ್ಟದ ಸಂಖ್ಯೆಗಿಂತ ಒಂದು ಹೆಚ್ಚಿನ ಆಳಕ್ಕೆ, ಅಂದರೆ ಇಲ್ಲಿ ಇಬ್ಬರದೂ ಸೇರಿ 4 ನಡೆ ಮುಂದೆ ನೋಡೋ ಹಂತಕ್ಕೆ, ತಲುಪಿದಾಗ ಅವುಗಳಲ್ಲಿ ಒಂದನ್ನು ಆರಿಸುತ್ತದೆ. ಆರಿಸುವಾಗ ಹಿಂದೆ ಬಿದ್ದ ನಡೆಗಳಿಗೆ ಕೃಪಾಂಕ ಕೊಡುತ್ತದೆ. ಮೊದಲ ನಡೆಗಿಂತ ಎಷ್ಟು ಕಡಿಮೆಯಿದೆಯೋ ಅದರ 128ರಲ್ಲಿ 114 ಭಾಗ ವಾಪಸ್. ಅದರ ಮೇಲೆ ನಾಲ್ಕಕ್ಕೂ ಅದೃಷ್ಟದ ಒಂದಿಷ್ಟು ಅಂಕ, ಅದು ಹೆಚ್ಚೆಂದರೆ ಒಂದು ಸಿಪಾಯಿಯ ಬೆಲೆಗಿಂತ ತುಸು ಕಡಿಮೆ.

ಈಗ ಕುದುರೆಯ ಲೆಕ್ಕ ನೋಡಿ. ಅದನ್ನು ಉಳಿಸುವ ನಡೆ ಒಂದೇ, ಹಾಗಾಗಿ ಉಳಿದ ಮೂರು ಜಾಗಕ್ಕೆ ಕಳೆದುಕೊಳ್ಳುವ ನಡೆಗಳೇ ಬಂದವು. ಕುದುರೆ ಅಂದರೆ ಸುಮಾರು ಮೂರು ಸಿಪಾಯಿ. ಕೃಪಾಂಕ ಸೇರಿದ ಮೇಲೆ ಉಳಿಯೋ ಅಂತರ ಸಿಪಾಯಿಯ ಮೂರನೇ ಒಂದು ಭಾಗದಷ್ಟು. ಅಷ್ಟನ್ನು ಅದೃಷ್ಟ ದಾಟಿಬಿಡಬಹುದು, h6 ಗೆದ್ದದ್ದು ಹಾಗೆ. ಚೆಕ್‌ಮೇಟಿಗೆ ಮಾತ್ರ ಎಂಜಿನ್ ಕೊಡೋ ಅಂಕ ಇಡೀ ಹಲಗೆಯ ಕಾಯಿಗಳನ್ನು ಕೂಡಿಸಿದರೂ ಮುಟ್ಟದಷ್ಟು ದೊಡ್ಡದು. ಅಂತರದ ಬಹುಪಾಲು ವಾಪಸ್ ಕೊಟ್ಟರೂ ಉಳಿದದ್ದೇ ಎಷ್ಟೋ ಸಿಪಾಯಿಗಳಷ್ಟು. ಹಾಗಾಗಿ ಕುದುರೆ ಬಿಟ್ಟುಕೊಡೋ ಎಂಜಿನ್, ಇಂಥ ಒಂದೇ ನಡೆಯ ಮೇಟ್ ಬಿಡಲ್ಲ. ಹೊಸಬರಲ್ಲಿ ಇದು ತಿರುಗುಮುರುಗು ಅಲ್ವಾ? ಕುದುರೆ ಕಾಪಾಡಿಕೊಳ್ತಾರೆ, ಎದುರಿನ ಮೇಟ್ ಕಾಣಲ್ಲ.

ಎಲ್ಲ ನಾಲ್ಕು ನಡೆಗಳೂ ಹೆಚ್ಚುಕಡಿಮೆ ಒಂದೇ ಬೆಲೆಯಿದ್ದರೆ ಅದೃಷ್ಟದ ಅಂಕವೂ ತೀರಾ ಕಡಿಮೆಯಾಗುತ್ತದೆ. ಅದಕ್ಕೇ ಶಾಂತವಾದ ಸ್ಥಿತಿಯಲ್ಲಿ ‘ಸುಲಭ’ ಎಂಜಿನ್ ಗಟ್ಟಿಯಾಗಿ ಆಡುತ್ತದೆ. ಅದರಿಂದ ತಪ್ಪು ಬೇಕಾದರೆ ಕಾಯಿಯನ್ನು ಹಿಡಿದು ಒಳ್ಳೆಯ ಉತ್ತರ ಒಂದೇ ಉಳಿಯೋ ಹಾಗೆ ಮಾಡಬೇಕು. ಮೇಷ್ಟ್ರ b4 ನಡೆ ಅಂಥದ್ದೇ.

ಆ್ಯಪ್ ಮಾಡಿದವರಿಗೆ ಕೋರಿಕೆ ಇಷ್ಟೇ. ‘ಸುಲಭ’ ಬಟನ್ನಿನ ಕೆಳಗೆ Skill Level ಸಂಖ್ಯೆ ತೋರಿಸಿ. ಸ್ಟಾಕ್‌ಫಿಶ್‌ನ ರೇಟಿಂಗ್ ಮಿತಿ UCI_Elo ಕೂಡ ಇತ್ತೀಚಿನ ಆವೃತ್ತಿಗಳಲ್ಲಿ ಶುರುವಾಗೋದೇ 1320ರಿಂದ, ಮನೆಯಲ್ಲಿ ಸಂಜೆ ಆಡೋ ಎಷ್ಟೋ ಜನರಿಗೆ ಅದೇ ಜಾಸ್ತಿ. ಎಂಜಿನ್ನಿಗೆ ನೇರ ಆಜ್ಞೆ ಕೊಡೋ ಜಾಗ ನಿಮ್ಮ ಆ್ಯಪಿನಲ್ಲಿದ್ದರೆ ಇದನ್ನು ಹಾಕಿ:

```
setoption name Skill Level value 0
```

ಆಗ ಆರಿಸೋದು ಆಳ 1ರಲ್ಲೇ, ಕೃಪಾಂಕ 120 ಭಾಗ. ಮಂತ್ರಿಯನ್ನೂ ಕೆಲವೊಮ್ಮೆ ಬಿಟ್ಟುಕೊಡುತ್ತದೆ, 3ರಲ್ಲಿ ಅದನ್ನು ಬಿಡೋದು ಕಷ್ಟ. ಒಂದೇ ನಡೆಯ ಮೇಟ್ ಮಾತ್ರ ಅಲ್ಲೂ ತಪ್ಪಿಸಲ್ಲ. ಮೇಷ್ಟ್ರು ಈಗ 0ಯಲ್ಲಿ ಆಡ್ತಾರೆ, ಮತ್ತೆ ರಾಜನ ಮುಂದಿನ h ಸಿಪಾಯಿಯನ್ನು ಮೊದಲೇ ಒಂದು ಮನೆ ಸರಿಸಿ ಜಾಗ ಮಾಡಿಕೊಳ್ತಾರೆ.