ಸ್ಪೈರೊನೊಲ್ಯಾಕ್ಟೋನ್ ಜೊತೆ ಆರು ವರ್ಷ: ಇಳಿದ ರಕ್ತದೊತ್ತಡ, ಏರಿದ ಪೊಟ್ಯಾಸಿಯಂ

ಬಳಸಿದ ಅವಧಿ: ಆರು ವರ್ಷ, ನಡುವೆ ಎರಡು ವಾರಗಳ ವಿರಾಮ. ಪ್ರಮಾಣ: ದಿನಕ್ಕೆ 25 ಮಿಲಿಗ್ರಾಂ, ಕೆಲವು ತಿಂಗಳು 50. ಕಾರಣ: ಮೂರು ಔಷಧಗಳಿಗೂ ಬಗ್ಗದ ರಕ್ತದೊತ್ತಡ.

ಈ ಮಾತ್ರೆ ಆರಂಭವಾಗುವಾಗ ನನಗೆ ಐವತ್ತೆಂಟು ವರ್ಷ. ಟೆಲ್ಮಿಸಾರ್ಟಾನ್ 80, ಆಮ್ಲೋಡಿಪಿನ್ 10 ಮತ್ತು ಕ್ಲೋರ್ಥಾಲಿಡೋನ್ 25 ಮಿಲಿಗ್ರಾಂ, ಈ ಮೂರನ್ನೂ ಒಂದು ದಿನವೂ ತಪ್ಪಿಸದೆ ತೆಗೆದುಕೊಳ್ಳುತ್ತಿದ್ದರೂ ಮನೆಯಲ್ಲಿ ಬೆಳಗ್ಗೆ ಸಂಜೆ ಅಳೆದ ಸರಾಸರಿ 158/94ಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ. ಮೂತ್ರವರ್ಧಕವೂ ಸೇರಿದಂತೆ ಮೂರು ಬಗೆಯ ಔಷಧಗಳನ್ನು ಸಹಿಸಬಹುದಾದ ಪೂರ್ಣ ಪ್ರಮಾಣದಲ್ಲಿ ಕೊಟ್ಟರೂ ಹತೋಟಿಗೆ ಬಾರದ ಒತ್ತಡಕ್ಕೆ ವೈದ್ಯರು ಪ್ರತಿರೋಧಕ ರಕ್ತದೊತ್ತಡ ಎನ್ನುತ್ತಾರೆ. ನಾಲ್ಕನೆಯದಾಗಿ ಸ್ಪೈರೊನೊಲ್ಯಾಕ್ಟೋನನ್ನೇ ಏಕೆ ಆರಿಸಿದಿರಿ ಎಂದು ನಾನು ಕೇಳಿದ್ದೆ. 2015ರಲ್ಲಿ ಪ್ರಕಟವಾದ ಪಾಥ್‌ವೇ-2 ಎಂಬ ಪ್ರಯೋಗದಲ್ಲಿ ಇಂತಹ ರೋಗಿಗಳಿಗೆ ಇದನ್ನೂ ಬಿಸೊಪ್ರೊಲಾಲ್ ಮತ್ತು ಡಾಕ್ಸಾಜೋಸಿನ್ ಎಂಬ ಬೇರೆ ಎರಡು ಔಷಧಗಳನ್ನೂ ಸರದಿಯಲ್ಲಿ ಕೊಟ್ಟು ನೋಡಿದಾಗ ಇದೇ ಹೆಚ್ಚು ಒತ್ತಡ ಇಳಿಸಿತು ಎಂಬುದು ಅವರ ಉತ್ತರವಾಗಿತ್ತು.

ನನ್ನ ಅನುಭವ ಅದಕ್ಕೆ ಹೊಂದಿಕೊಂಡಿದೆ, ಆದರೆ ನಿಧಾನವಾಗಿ. ಮೊದಲ ವಾರ ಯಾವ ಬದಲಾವಣೆಯೂ ಕಾಣಲಿಲ್ಲ. ನಾಲ್ಕನೆಯ ವಾರಕ್ಕೆ ಸರಾಸರಿ 145/88, ಎರಡು ತಿಂಗಳಿಗೆ 138/84. ಈ ಗುಳಿಗೆಯಿಂದ ಮರುದಿನವೇ ಫಲ ಬಯಸಿ ದಿನಕ್ಕೆ ಹತ್ತು ಬಾರಿ ಪಟ್ಟಿ ಸುತ್ತಿಕೊಳ್ಳುವವರಿಗೆ ನಿರಾಶೆಯೇ ಆಗುತ್ತದೆ. ಊಟದೊಂದಿಗೆ ತೆಗೆದುಕೊಂಡರೆ ಇದು ದೇಹಕ್ಕೆ ಹೆಚ್ಚು ಸೇರುತ್ತದೆ. ಆದ್ದರಿಂದ ಖಾಲಿ ಹೊಟ್ಟೆಯಲ್ಲಿ ಒಂದು ದಿನ, ಊಟವಾದ ಮೇಲೆ ಒಂದು ದಿನ ಎನ್ನದೆ ಒಂದೇ ಕ್ರಮಕ್ಕೆ ಅಂಟಿಕೊಳ್ಳುವುದು ಒಳಿತು.

ಇನ್ನು ಮುಂದೆ ಬರೆಯುವುದೆಲ್ಲ ಪೊಟ್ಯಾಸಿಯಂ ಕುರಿತದ್ದು. ಆರು ವರ್ಷಗಳಲ್ಲಿ ನನಗೆ ಈ ಔಷಧದ ನಿಜವಾದ ಪರಿಚಯವಾದದ್ದು ಅದರ ಮೂಲಕವೇ.

ಅಡ್ರಿನಲ್ ಗ್ರಂಥಿಯಲ್ಲಿ ಉತ್ಪತ್ತಿಯಾಗುವ ಅಲ್ಡೊಸ್ಟಿರೋನ್ ಎಂಬ ಹಾರ್ಮೋನು ಮೂತ್ರಪಿಂಡದ ನಳಿಕೆಗಳ ಕೊನೆಯ ಭಾಗದಲ್ಲಿರುವ ಮಿನರಲೊಕಾರ್ಟಿಕಾಯ್ಡ್ ಗ್ರಾಹಕವನ್ನು ಹಿಡಿದು, ಸೋಡಿಯಮ್ಮನ್ನು ರಕ್ತಕ್ಕೆ ಮರಳಿ ಎಳೆದುಕೊಳ್ಳುವಂತೆಯೂ ಪೊಟ್ಯಾಸಿಯಮ್ಮನ್ನು ಮೂತ್ರಕ್ಕೆ ಬಿಡುವಂತೆಯೂ ಮಾಡುತ್ತದೆ. ಸ್ಪೈರೊನೊಲ್ಯಾಕ್ಟೋನ್ ಆ ಗ್ರಾಹಕದ ಜಾಗವನ್ನು ತಾನೇ ಹಿಡಿದು ಕೂರುತ್ತದೆ. ಸೋಡಿಯಂ ಮತ್ತು ಅದರ ಹಿಂದೆ ನೀರು ಹೊರಹೋಗುತ್ತವೆ, ಒತ್ತಡ ಇಳಿಯುತ್ತದೆ, ಆದರೆ ಪೊಟ್ಯಾಸಿಯಂ ಒಳಗೇ ಉಳಿಯುತ್ತದೆ. ಹಾಗಾಗಿ ಒತ್ತಡ ಇಳಿಸುವ ಕೆಲಸವೂ ಪೊಟ್ಯಾಸಿಯಂ ಏರಿಸುವ ಕೆಲಸವೂ ಬೇರೆ ಬೇರೆಯಲ್ಲ. ಇದನ್ನು ಅಡ್ಡಪರಿಣಾಮ ಎಂದು ಕರೆಯುವುದೇ ನನಗೆ ಸ್ವಲ್ಪ ತಪ್ಪೆನಿಸುತ್ತದೆ.

ಆರಂಭಕ್ಕೆ ಮುಂಚೆ ನನ್ನ ಪೊಟ್ಯಾಸಿಯಂ ಲೀಟರಿಗೆ 4.1 ಮಿಲಿಮೋಲ್ ಇತ್ತು, ಮೂತ್ರಪಿಂಡದ ಕೆಲಸ ಕುಂದಿದಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 1.1 ಇತ್ತು. ಒಂದು ವಾರಕ್ಕೆ 4.4, ನಾಲ್ಕು ವಾರಕ್ಕೆ 4.7. ಐದರೊಳಗೆ ಇದ್ದುದರಿಂದ ಯಾರೂ ಚಿಂತಿಸಲಿಲ್ಲ. ಮೂರನೆಯ ತಿಂಗಳಲ್ಲಿ ಪ್ರಮಾಣವನ್ನು 50ಕ್ಕೆ ಏರಿಸಿದಾಗ ಒತ್ತಡ 131/80ಕ್ಕೆ ಬಂತು, ಪೊಟ್ಯಾಸಿಯಂ 5.2 ಆಯಿತು, ಜೊತೆಗೆ ಎದೆಯ ಮೊಲೆತೊಟ್ಟಿನ ಸುತ್ತ ನೋವು ಮತ್ತು ಊತ ಕಾಣಿಸಿಕೊಂಡಿತು. ಈ ಔಷಧ ಪುರುಷ ಹಾರ್ಮೋನಿನ ಗ್ರಾಹಕವನ್ನೂ ತಡೆಯುವುದರಿಂದ ಗಂಡಸರಲ್ಲಿ ಹೀಗಾಗುತ್ತದೆ. ಹೇಳಿಕೊಳ್ಳಲು ನಾಚಿ ಎರಡು ತಿಂಗಳು ಸುಮ್ಮನಿದ್ದೆ, ಅದು ಮೂರ್ಖತನ. ಮತ್ತೆ 25ಕ್ಕೆ ಇಳಿಸಿದ ಮೇಲೆ ನೋವು ಹೋಯಿತು. ಹೋಗದಿದ್ದರೆ ಎಪ್ಲೆರಿನೋನಿಗೆ ಬದಲಾಯಿಸಬಹುದಿತ್ತು. ಅದು ಮಿನರಲೊಕಾರ್ಟಿಕಾಯ್ಡ್ ಗ್ರಾಹಕವನ್ನೇ ಹೆಚ್ಚು ಆರಿಸಿಕೊಂಡು ತಡೆಯುವುದರಿಂದ ಈ ತೊಂದರೆ ಅಪರೂಪ, ಆದರೆ ಪೊಟ್ಯಾಸಿಯಂ ಅದರಲ್ಲೂ ಏರುತ್ತದೆ.

ಮುಂದಿನ ಎರಡು ವರ್ಷ ಎಲ್ಲವೂ ಎಷ್ಟು ಸಮವಾಗಿ ಸಾಗಿತೆಂದರೆ ರಕ್ತ ಪರೀಕ್ಷೆಯೇ ಅನವಶ್ಯಕ ಎನಿಸತೊಡಗಿತು. ಮೂರನೆಯ ವರ್ಷದಲ್ಲಿ ನಾನೇ ಮಾಡಿಕೊಂಡ ಮೂರು ಸಂಗತಿಗಳು ಒಂದರ ಮೇಲೊಂದು ಬಂದವು, ಒಂದೊಂದೂ ಪ್ರತ್ಯೇಕವಾಗಿ ನೋಡಿದರೆ ನಿರುಪದ್ರವಿಯೇ.

ಮೊದಲನೆಯದು ಉಪ್ಪು. ಒತ್ತಡಕ್ಕೆ ಒಳ್ಳೆಯದೆಂದು ಓದಿ ಮನೆಯ ಅಡುಗೆಗೆ ಕಡಿಮೆ ಸೋಡಿಯಂ ಉಪ್ಪನ್ನು ತಂದೆ. ಅದರಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಭಾಗವನ್ನು ತೆಗೆದು ಪೊಟ್ಯಾಸಿಯಂ ಕ್ಲೋರೈಡನ್ನು ಸೇರಿಸಿರುತ್ತಾರೆ ಎಂಬುದು ಪೊಟ್ಟಣದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು. ಲೆಕ್ಕ ಹೀಗಿದೆ: ಅಂತಹ ಉಪ್ಪಿನಲ್ಲಿ ಶೇಕಡಾ 30 ಪೊಟ್ಯಾಸಿಯಂ ಕ್ಲೋರೈಡ್ ಇದ್ದರೆ, ದಿನಕ್ಕೆ 5 ಗ್ರಾಂ ತಿಂದವನ ಹೊಟ್ಟೆಗೆ ಅದರಿಂದಲೇ ಸುಮಾರು 20 ಮಿಲಿಮೋಲ್ ಪೊಟ್ಯಾಸಿಯಂ ಹೆಚ್ಚುವರಿಯಾಗಿ ಹೋಗುತ್ತದೆ. ಆರೋಗ್ಯವಂತ ಮೂತ್ರಪಿಂಡ ಅದನ್ನು ಗಮನಕ್ಕೂ ಬಾರದಂತೆ ಹೊರಹಾಕುತ್ತದೆ. ನನ್ನದರ ಬಾಗಿಲನ್ನು ನಾನೇ ದಿನವೂ ಮಾತ್ರೆಯಿಂದ ಅರ್ಧ ಮುಚ್ಚುತ್ತಿದ್ದೆ.

ಎರಡನೆಯದು ಮೊಣಕಾಲು ನೋವಿಗೆ ಹಳೆಯ ಚೀಟಿಯಿಂದ ಒಂಬತ್ತು ದಿನ ನುಂಗಿದ ಡೈಕ್ಲೋಫೆನಾಕ್. ಈ ಬಗೆಯ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ತಗ್ಗಿಸುತ್ತವೆ, ಅಲ್ಡೊಸ್ಟಿರೋನ್ ಉತ್ಪತ್ತಿಗೆ ಚಾಲನೆ ಕೊಡುವ ರೆನಿನ್ ಎಂಬ ಹಾರ್ಮೋನನ್ನೂ ಕುಗ್ಗಿಸುತ್ತವೆ. ಟೆಲ್ಮಿಸಾರ್ಟಾನಿನಿಂದ ಆಗಲೇ ಕಡಿಮೆಯಾಗಿದ್ದ ಅಲ್ಡೊಸ್ಟಿರೋನ್ ಇನ್ನಷ್ಟು ಕಡಿಮೆಯಾಗುತ್ತದೆ, ಉಳಿದ ಚೂರಿಗೂ ಸ್ಪೈರೊನೊಲ್ಯಾಕ್ಟೋನ್ ಅಡ್ಡ ನಿಂತಿರುತ್ತದೆ.

ಮೂರನೆಯದು ಎರಡು ದಿನದ ಭೇದಿ. ಭೇದಿಯಲ್ಲಿ ಪೊಟ್ಯಾಸಿಯಂ ಹೊರಹೋಗಿ ಕಡಿಮೆಯಾಗುತ್ತದೆ ಎಂದು ನಾನು ತಿಳಿದಿದ್ದೆ, ಸಾಮಾನ್ಯರಿಗೆ ಅದು ನಿಜವೇ. ಆದರೆ ದೇಹದ ನೀರು ಬತ್ತಿ ಮೂತ್ರಪಿಂಡದ ಸೋಸುವಿಕೆ ಕುಸಿದಾಗ, ಈ ಮಾತ್ರೆಗಳನ್ನೂ ನಿಲ್ಲಿಸದೆ ನುಂಗುತ್ತಿದ್ದರೆ, ಲೆಕ್ಕ ತಲೆಕೆಳಗಾಗುತ್ತದೆ. ನಾನು ನಿಷ್ಠೆಯಿಂದ ಎಲ್ಲವನ್ನೂ ನುಂಗಿದೆ.

ಭೇದಿ ನಿಂತ ಮರುದಿನ ಆರು ತಿಂಗಳಿಗೊಮ್ಮೆ ಮಾಡಿಸುವ ಪರೀಕ್ಷೆಯ ದಿನವಾಗಿತ್ತು ಎಂಬುದು ಕಾಕತಾಳೀಯ. ಸ್ವಲ್ಪ ಸುಸ್ತು ಬಿಟ್ಟರೆ ನನಗೆ ಏನೂ ಅನಿಸಿರಲಿಲ್ಲ. ಸಂಜೆ ಪ್ರಯೋಗಾಲಯದಿಂದ ಫೋನು ಬಂತು: ಪೊಟ್ಯಾಸಿಯಂ 6.3, ಕ್ರಿಯಾಟಿನಿನ್ 1.9. ರಕ್ತ ತೆಗೆಯುವಾಗ ಮುಷ್ಟಿಯನ್ನು ಪದೇ ಪದೇ ಬಿಗಿದರೆ ಅಥವಾ ನಳಿಕೆಯಲ್ಲಿ ರಕ್ತಕಣಗಳು ಒಡೆದರೆ ಅಂಕಿ ಸುಳ್ಳಾಗಿ ಏರುತ್ತದೆ. ಹಾಗೆಯೇ ಆಗಿರಬಹುದೆಂದು ನಾನು ಬೆಳಗಿನವರೆಗೆ ಕಾಯಲು ಸಿದ್ಧನಿದ್ದೆ. ವೈದ್ಯರು ಒಪ್ಪಲಿಲ್ಲ. ಕ್ರಿಯಾಟಿನಿನ್ ಕೂಡ ಏರಿರುವಾಗ ಅಂಕಿಯನ್ನು ನಂಬಿಯೇ ನಡೆಯಬೇಕು, ಸುಳ್ಳೋ ನಿಜವೋ ಎಂಬುದನ್ನು ಆಸ್ಪತ್ರೆಯಲ್ಲೇ ಮತ್ತೊಮ್ಮೆ ರಕ್ತ ತೆಗೆದು, ಇಸಿಜಿ ಮಾಡಿ ನೋಡೋಣ ಎಂದರು. ಎರಡನೆಯ ಅಂಕಿ 6.2. ಇಸಿಜಿಯಲ್ಲಿ ಟಿ ಅಲೆಗಳು ಡೇರೆಯ ತುದಿಯಂತೆ ಚೂಪಾಗಿ ನಿಂತಿದ್ದವು, ಏರಿದ ಪೊಟ್ಯಾಸಿಯಂ ಹೃದಯವನ್ನು ತಟ್ಟಿದೆ ಎಂಬುದರ ಗುರುತು ಅದು.

ಅಲ್ಲಿ ನಡೆದದ್ದರಲ್ಲಿ ಒಂದು ವಿಷಯ ನನಗೆ ಆಮೇಲೆ ಅರ್ಥವಾಯಿತು. ಮೊದಲು ರಕ್ತನಾಳದ ಮೂಲಕ ಕೊಟ್ಟ ಕ್ಯಾಲ್ಸಿಯಂ ಗ್ಲುಕೊನೇಟ್ ಪೊಟ್ಯಾಸಿಯಮ್ಮನ್ನು ಒಂದು ಚೂರೂ ಇಳಿಸುವುದಿಲ್ಲ, ಅದು ಹೃದಯದ ಸ್ನಾಯುವನ್ನು ಮಾತ್ರ ಸ್ವಲ್ಪ ಹೊತ್ತು ಕಾಪಾಡುತ್ತದೆ. ಅನಂತರದ ಇನ್ಸುಲಿನ್ ಮತ್ತು ಗ್ಲೂಕೋಸ್ ಪೊಟ್ಯಾಸಿಯಮ್ಮನ್ನು ರಕ್ತದಿಂದ ಜೀವಕೋಶಗಳ ಒಳಕ್ಕೆ ತಳ್ಳುತ್ತವೆ, ಹೊರಗೆ ಕಳುಹಿಸುವುದಿಲ್ಲ. ಕೆಲವು ಗಂಟೆಗಳಲ್ಲಿ ಅದು ಮರಳಿ ಬರುತ್ತದೆ. ನನ್ನ ಅಂಕಿ ಎರಡು ಗಂಟೆಯಲ್ಲಿ 5.4ಕ್ಕೆ ಇಳಿದಾಗ ಮನೆಗೆ ಹೋಗುತ್ತೇನೆಂದು ಹಟ ಹಿಡಿದಿದ್ದೆ, ಮಧ್ಯರಾತ್ರಿಗೆ ಅದು ಮತ್ತೆ 5.8 ಆಗಿತ್ತು. ನಿಜವಾಗಿ ಹೊರಹೋದದ್ದು ಸಲೈನಿನಿಂದ ಮೂತ್ರಪಿಂಡ ಚೇತರಿಸಿಕೊಂಡು ಮೂತ್ರ ಚೆನ್ನಾಗಿ ಹರಿದ ಮೇಲೆ. ಅದರ ಮೇಲೆ ಸ್ಪೈರೊನೊಲ್ಯಾಕ್ಟೋನ್ ನಿಲ್ಲಿಸಿದ ಕೂಡಲೇ ಅದರ ಕೆಲಸ ನಿಲ್ಲುವುದಿಲ್ಲ. ದೇಹದಲ್ಲಿ ಅದು ಕ್ಯಾನ್ರಿನೋನ್ ಮುಂತಾದ ಸಕ್ರಿಯ ರೂಪಗಳಾಗಿ ಮಾರ್ಪಡುವುದರಿಂದ ಪರಿಣಾಮ ಎರಡು ಮೂರು ದಿನ ಎಳೆಯುತ್ತದೆ. ಮೂರನೆಯ ದಿನ 4.9, ಹತ್ತನೆಯ ದಿನ 4.5 ಮತ್ತು ಕ್ರಿಯಾಟಿನಿನ್ 1.2.

ಇಷ್ಟಾದ ಮೇಲೂ ಮತ್ತೆ ಏಕೆ ಆರಂಭಿಸಿದೆ ಎಂದು ಕೇಳಿದವರಿದ್ದಾರೆ. ನಿಲ್ಲಿಸಿದ ಎರಡು ವಾರಗಳಲ್ಲಿ ಒತ್ತಡ 156ಕ್ಕೆ ಮರಳಿತ್ತು, ಮತ್ತು ಏರಿಕೆಗೆ ಕಾರಣವಾದ ಮೂರೂ ಸಂಗತಿಗಳು ತೆಗೆಯಬಹುದಾದವಾಗಿದ್ದವು. ಉಪ್ಪು ಬದಲಾಯಿತು, ನೋವಿಗೆ ಪ್ಯಾರಾಸಿಟಮಾಲ್ ಮಾತ್ರ ಎಂದಾಯಿತು. ಅರ್ಧ ಮಾತ್ರೆ, ಎಂದರೆ 12.5 ಮಿಲಿಗ್ರಾಂನಿಂದ ಆರಂಭಿಸಿ, ಒಂದು ವಾರಕ್ಕೆ ಮತ್ತು ನಾಲ್ಕು ವಾರಕ್ಕೆ ರಕ್ತ ನೋಡಿ, ಆಮೇಲೆ 25. ಮೂತ್ರಪಿಂಡದ ಸೋಸುವಿಕೆಯ ಅಂದಾಜು 30ಕ್ಕಿಂತ ಕೆಳಗಿದ್ದಿದ್ದರೆ ಅಥವಾ ಕಾರಣವೇ ಇಲ್ಲದೆ ಅಂಕಿ ಏರಿದ್ದರೆ ಆರಂಭಿಸುತ್ತಿರಲಿಲ್ಲ ಎಂದು ವೈದ್ಯರು ಸ್ಪಷ್ಟವಾಗಿ ಹೇಳಿದರು. 5.5 ದಾಟಿದರೆ ಅರ್ಧಕ್ಕೆ ಇಳಿಸಬೇಕು, 6 ದಾಟಿದರೆ ನಿಲ್ಲಿಸಬೇಕು ಎಂಬುದು ಅವರು ಬರೆದುಕೊಟ್ಟ ಗೆರೆ.

ನನ್ನ ಅಣ್ಣನಿಗೂ ಇದೇ 25 ಮಿಲಿಗ್ರಾಂ ಇದೆ, ಆದರೆ ಹೃದಯ ವೈಫಲ್ಯಕ್ಕೆ. ಹೃದಯದಲ್ಲಿ ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೆ ಹೊರಹೋಗುವುದು ಅವನಲ್ಲಿ ಶೇಕಡಾ 30 ಮಾತ್ರ. ನನಗೆ ಲಾಭ ಒತ್ತಡದ ಅಂಕಿಯಲ್ಲಿ ಕಾಣುತ್ತದೆ, ಅವನಿಗೆ ಏನೂ ಕಾಣುವುದಿಲ್ಲ. ಆದ್ದರಿಂದಲೇ ಆಗಾಗ "ಇದನ್ನು ಬಿಟ್ಟರೆ ಏನಾದೀತು?" ಎನ್ನುತ್ತಾನೆ. 1999ರ ರೇಲ್ಸ್ ಪ್ರಯೋಗದಲ್ಲಿ ತೀವ್ರ ಹೃದಯ ವೈಫಲ್ಯದ 1663 ಮಂದಿಯನ್ನು ಸರಾಸರಿ ಎರಡು ವರ್ಷ ಗಮನಿಸಿದಾಗ, ಹುಸಿ ಮಾತ್ರೆಯವರಲ್ಲಿ ಶೇಕಡಾ 46 ಮಂದಿ ತೀರಿಕೊಂಡರೆ ಸ್ಪೈರೊನೊಲ್ಯಾಕ್ಟೋನ್ ಪಡೆದವರಲ್ಲಿ ಶೇಕಡಾ 35. ಇದನ್ನು ನಾನು ಅವನಿಗೆ ಹೇಳಿದ್ದೇನೆ. ಅದರ ಮುಂದಿನ ಕಥೆಯನ್ನೂ ಹೇಳಿದ್ದೇನೆ. ಆ ಫಲಿತಾಂಶ ಪ್ರಕಟವಾದ ಮೇಲೆ ಕೆನಡಾದ ಒಂಟಾರಿಯೊದಲ್ಲಿ ವೈದ್ಯರು ಇದನ್ನು ಧಾರಾಳವಾಗಿ ಬರೆಯತೊಡಗಿದರು, ಹೃದಯ ವೈಫಲ್ಯದ ವೃದ್ಧರಲ್ಲಿ ಹೆಚ್ಚಿದ ಪೊಟ್ಯಾಸಿಯಂ ಕಾರಣ ಆಸ್ಪತ್ರೆ ಸೇರಿದವರು 1994ರಲ್ಲಿ ಸಾವಿರಕ್ಕೆ 2.4 ಇದ್ದದ್ದು 2001ಕ್ಕೆ 11 ಆಯಿತು. ಮಾತ್ರೆ ಬದಲಾಗಿರಲಿಲ್ಲ. ಪ್ರಯೋಗದಲ್ಲಿ ಮೂತ್ರಪಿಂಡ ತೀರಾ ಕೆಟ್ಟವರನ್ನು ಹೊರಗಿಟ್ಟು, ಉಳಿದವರ ರಕ್ತವನ್ನು ಹೇಳಿದ ದಿನಕ್ಕೆ ತಪ್ಪದೆ ನೋಡಿದ್ದರು, ಹೊರಗಿನ ಜಗತ್ತಿನಲ್ಲಿ ಆ ಎರಡೂ ಸಡಿಲವಾಗಿದ್ದವು.

ಅಣ್ಣನ ಸ್ಥಿತಿ ನನ್ನದಕ್ಕಿಂತ ನಾಜೂಕು. ಅವನ ಒತ್ತಡ ಮೊದಲೇ ಕಡಿಮೆ, ಮೂತ್ರಪಿಂಡಕ್ಕೆ ರಕ್ತ ಸಾಲದು, ಮಧುಮೇಹ ಬೇರೆ ಇದೆ. ಹೋದ ವರ್ಷ ಮೂತ್ರದ ಸೋಂಕಿಗೆ ಬೇರೊಬ್ಬ ವೈದ್ಯರು ಕೊಟ್ರೈಮಾಕ್ಸಜೋಲ್ ಬರೆದಿದ್ದರು. ಅದರಲ್ಲಿರುವ ಟ್ರೈಮೆಥೊಪ್ರಿಮ್ ಕೂಡ ಅದೇ ನಳಿಕೆಯಲ್ಲಿ ಪೊಟ್ಯಾಸಿಯಂ ಹೊರಹೋಗುವುದನ್ನು ತಡೆಯುತ್ತದೆ. ಅವನು ತನ್ನ ಔಷಧಗಳ ಪಟ್ಟಿಯನ್ನು ಔಷಧ ಅಂಗಡಿಯಲ್ಲಿ ತೋರಿಸಿದ್ದರಿಂದ ಅಂಗಡಿಯವರೇ ಫೋನು ಮಾಡಿ ಕೇಳಿ ಬೇರೆ ಔಷಧ ಕೊಡಿಸಿದರು. ಆ ಪಟ್ಟಿ ಈಗ ನನ್ನ ಜೇಬಿನಲ್ಲೂ ಇರುತ್ತದೆ. ಅದರ ಕೆಳಗೆ ವೈದ್ಯರು ಬರೆಸಿದ ಒಂದು ಸಾಲಿದೆ: ವಾಂತಿ, ಭೇದಿ ಅಥವಾ ನೀರೂ ಕುಡಿಯಲಾಗದ ಜ್ವರ ಬಂದ ದಿನ ಸ್ಪೈರೊನೊಲ್ಯಾಕ್ಟೋನ್, ಟೆಲ್ಮಿಸಾರ್ಟಾನ್, ಕ್ಲೋರ್ಥಾಲಿಡೋನ್ ನಿಲ್ಲಿಸಿ ಫೋನು ಮಾಡಬೇಕು, ಮತ್ತೆ ಸರಿಯಾಗಿ ಉಂಡು ಕುಡಿದು ಒಂದೆರಡು ದಿನ ಕಳೆದ ಮೇಲೆ ಆರಂಭಿಸಬೇಕು. ಕಳೆದ ಮಳೆಗಾಲದಲ್ಲಿ ಒಮ್ಮೆ ಹಾಗೆ ಮಾಡಿದೆ. ಮೂರು ದಿನದ ಬಳಿಕ ನೋಡಿಸಿದಾಗ ಪೊಟ್ಯಾಸಿಯಂ 4.6 ಇತ್ತು.