ಡಾಲರ್ ಏರಿಳಿತದ ಅಳತೆ: ಹಿಂದಿನ ದರಗಳ ಲೆಕ್ಕವೋ, ಆಪ್ಷನ್ ಪ್ರೀಮಿಯಂನ ಲೆಕ್ಕವೋ?

ಬೆಂಗಳೂರಿನ ನಮ್ಮ ಸಣ್ಣ ಸಾಫ್ಟ್‌ವೇರ್ ರಫ್ತು ಕಂಪನಿಗೆ ಅಮೆರಿಕದ ಗ್ರಾಹಕರಿಂದ ಬಿಲ್ಲಿನ ಹಣ ಬರುವುದು ಸಾಮಾನ್ಯವಾಗಿ ಮೂರು ತಿಂಗಳ ನಂತರ. ಅಷ್ಟರಲ್ಲಿ ರೂಪಾಯಿ ಬಲಗೊಂಡರೆ ಆಗುವ ನಷ್ಟವನ್ನು ತಡೆಯಲು ಒಂದು ಲಕ್ಷ ಡಾಲರಿಗೆ ಪುಟ್ ಆಪ್ಷನ್, ಅಂದರೆ ಮುಂದೆ ನಿಗದಿತ ದರಕ್ಕೆ ಡಾಲರ್ ಮಾರುವ ಹಕ್ಕನ್ನು, ಕೊಳ್ಳಲು ಹೊರಟಾಗ, ಮೂರು ತಿಂಗಳ ನಂತರದ ವಹಿವಾಟಿಗೆ ಮೊದಲೇ ಗೊತ್ತುಮಾಡುವ ಫಾರ್ವರ್ಡ್ ದರ 85 ರೂಪಾಯಿ ಇದ್ದು, ಅದನ್ನೇ ಸ್ಟ್ರೈಕಾಗಿ, ಎಂದರೆ ಹಕ್ಕಿನ ನಿಗದಿತ ದರವಾಗಿ, ಇಟ್ಟು ಬ್ಯಾಂಕು ಡಾಲರಿಗೆ 60 ಪೈಸೆ ಪ್ರೀಮಿಯಂ ಕೇಳಿತು. ಹಿಂದಿನ 60 ದಿನಗಳ ದೈನಂದಿನ ಬದಲಾವಣೆಗಳ ಪ್ರಮಾಣಿತ ವಿಚಲನೆಯಿಂದ ನಾನು ಹಾಕಿದ ಲೆಕ್ಕ ಮಾತ್ರ ಸುಮಾರು 40 ಪೈಸೆಗೆ ನಿಲ್ಲುತ್ತಿತ್ತು. ಒಟ್ಟು 20,000 ರೂಪಾಯಿಯ ಈ ವ್ಯತ್ಯಾಸ ಎಲ್ಲಿಂದ ಬಂತೆಂದು ಹುಡುಕುತ್ತ ಎರಡೂ ಅಳತೆಗಳನ್ನು ಜೊತೆಜೊತೆಗೆ ಇಟ್ಟುಕೊಂಡು ನೋಡಿದ ಮೇಲೆ, ರಕ್ಷಣೆ ಕೊಳ್ಳುವ ತೀರ್ಮಾನಕ್ಕೆ ನಾನು ನೆಚ್ಚಿರುವುದು ಆಪ್ಷನ್ ದರದಲ್ಲಿ ಅಡಗಿರುವ ಏರಿಳಿತದ ಅಂದಾಜನ್ನು, ಎಂದರೆ ಇಂಪ್ಲೈಡ್ ವೊಲಾಟಿಲಿಟಿಯನ್ನೇ.

ಅದನ್ನು ಹೊರತೆಗೆಯಲು ದೊಡ್ಡ ತಂತ್ರಾಂಶ ಬೇಕಿಲ್ಲ. ಸ್ಟ್ರೈಕು ಫಾರ್ವರ್ಡ್ ದರಕ್ಕೆ ಸಮನಾಗಿದ್ದರೆ ಈ ಅಂದಾಜು ಸಾಕು; ಇದರಲ್ಲಿ σ ವಾರ್ಷಿಕ ಏರಿಳಿತ, P ಪ್ರೀಮಿಯಂ, F ಫಾರ್ವರ್ಡ್ ದರ, T ವರ್ಷಗಳಲ್ಲಿ ಹೇಳಿದ ಅವಧಿ:

```
σ ≈ P / (0.4 × F × √T)
0.60 / (0.4 × 85 × √0.25) ≈ 0.035
```

ಅಂದರೆ ಬ್ಯಾಂಕು ವರ್ಷಕ್ಕೆ 3.5% ಏರಿಳಿತವನ್ನು ಲೆಕ್ಕಕ್ಕೆ ಹಿಡಿದಿತ್ತು. ನನ್ನ ಹಾಳೆಯಲ್ಲಿದ್ದದ್ದು 2.4%. ಸ್ಟ್ರೈಕನ್ನು ಅಂದಿನ ಸ್ಪಾಟ್ ದರಕ್ಕೆ ಕೇಳಿದರೆ ಫಾರ್ವರ್ಡ್ ಅಂತರವೂ ಬೆರೆತು ಈ ಸಂಖ್ಯೆ ಕೆಡುತ್ತದೆ. ಒಂದೇ ಸ್ಟ್ರೈಕಿನ ಕಾಲ್, ಎಂದರೆ ಡಾಲರ್ ಕೊಳ್ಳುವ ಹಕ್ಕು, ಮತ್ತು ಪುಟ್‌ಗಳ ದರವನ್ನು ಒಟ್ಟಿಗೆ ಕೇಳಿದಾಗ ಅವೆರಡೂ ಹೆಚ್ಚುಕಡಿಮೆ ಸಮನಾಗಿರದಿದ್ದರೆ ಹಾಗಾಗಿದೆ ಎಂದು ತಿಳಿಯಬಹುದು.

ಹಿಂದಿನ ದರಗಳ ಲೆಕ್ಕಕ್ಕೆ ಖರ್ಚಿಲ್ಲ. ಹಣಕಾಸು ಮಾನದಂಡ ದರಗಳನ್ನು ನೀಡುವ ಸಂಸ್ಥೆಯಾದ ಎಫ್‌ಬಿಐಎಲ್ ಪ್ರಕಟಿಸುವ ರೆಫರೆನ್ಸ್ ದರಗಳನ್ನು ಸಾಲಾಗಿ ಇಟ್ಟು, ದಿನದಿಂದ ದಿನಕ್ಕೆ ಆದ ಬದಲಾವಣೆಯ ಪ್ರಮಾಣಿತ ವಿಚಲನೆಯನ್ನು 252ರ ವರ್ಗಮೂಲದಿಂದ, ಎಂದರೆ 15.87ರಿಂದ, ಗುಣಿಸಿದರೆ ವಾರ್ಷಿಕ ಅಳತೆ ಸಿಗುತ್ತದೆ. ನನಗೆ ಇದರಿಂದ ರೋಸಿಹೋದದ್ದು ಒಂದೇ ಕಾರಣಕ್ಕೆ: ಅವಧಿಯ ಅಂಚು.

ಪ್ರತಿದಿನದ ವಿಚಲನೆ 0.15% ಇರುವ ಶಾಂತ ಮಾರುಕಟ್ಟೆಯನ್ನು ಊಹಿಸಿಕೊಳ್ಳಿ. ವಾರ್ಷಿಕ ಅಳತೆ 2.38% ಆಗುತ್ತದೆ. ಒಂದು ದಿನ ಡಾಲರ್ 1.2%, ಅಂದರೆ ಸುಮಾರು ಒಂದು ರೂಪಾಯಿ, ಜಿಗಿಯಿತೆನ್ನಿ. ವಿಚಲನೆಯಲ್ಲಿ ಪ್ರತಿ ಬದಲಾವಣೆಯ ವರ್ಗ ಸೇರುವುದರಿಂದ ಆ ಒಂದೇ ದಿನದ ತೂಕ ಉಳಿದ 59 ದಿನಗಳ ಒಟ್ಟು ತೂಕಕ್ಕಿಂತ ಹೆಚ್ಚಾಗಿ, ಅಳತೆ ಒಮ್ಮೆಗೇ 3.41%ಕ್ಕೆ ಏರುತ್ತದೆ. ಮರುದಿನದಿಂದ ಮಾರುಕಟ್ಟೆ ಮತ್ತೆ ತಣ್ಣಗಾದರೂ ಆ ಸಂಖ್ಯೆ ಇಳಿಯದೆ ಸುಮಾರು ಮೂರು ತಿಂಗಳು ಅಲ್ಲೇ ಕೂರುತ್ತದೆ. ಕೊನೆಗೆ ಆ ದಿನ 60 ದಿನಗಳ ಅವಧಿಯಿಂದ ಹೊರಬಿದ್ದ ಬೆಳಿಗ್ಗೆ, ಮಾರುಕಟ್ಟೆಯಲ್ಲಿ ಏನೊಂದೂ ನಡೆಯದಿದ್ದರೂ, ಅಳತೆ 2.38%ಕ್ಕೆ ಧೊಪ್ಪನೆ ಬೀಳುತ್ತದೆ.

ಇದರ ಪರಿಣಾಮವೇನೆಂದರೆ, ಬಜೆಟ್ ಸಭೆ ಅಳತೆ ಹೀಗೆ ಬೀಳುವ ದಿನಕ್ಕಿಂತ ಒಂದು ದಿನ ಮುಂಚೆ ನಡೆಯಿತೋ ನಂತರ ನಡೆಯಿತೋ ಎಂಬುದರ ಮೇಲೆ ನಾವು ಕಾಯ್ದಿರಿಸುವ ಹಣ ಬದಲಾಗುತ್ತದೆ. ಅವಧಿಯನ್ನು 250 ದಿನಕ್ಕೆ ಹಿಗ್ಗಿಸಿದರೆ ಜಿಗಿತ ಚಿಕ್ಕದಾಗುತ್ತದೆ, ಆದರೆ ಹಳೆಯ ಗದ್ದಲ ವರ್ಷವಿಡೀ ಉಳಿಯುತ್ತದೆ. 20 ದಿನಕ್ಕೆ ಕುಗ್ಗಿಸಿದರೆ ಸಂಖ್ಯೆ ವಾರವಾರವೂ ಕುಣಿಯುತ್ತದೆ. ಹಳೆಯ ದಿನಗಳ ತೂಕವನ್ನು ಪ್ರತಿದಿನ 0.94ರಿಂದ ಗುಣಿಸಿ ಇಳಿಸುತ್ತ ಹೋಗುವ ವಿಧಾನದಲ್ಲಿ ಅಂಚಿನ ಕಾಟ ತಪ್ಪುತ್ತದೆ, ಮುಂದೆ ಬರಲಿರುವ ದಿನಾಂಕದ ಅರಿವು ಮಾತ್ರ ಅದಕ್ಕೂ ಇಲ್ಲ.

ಆ ಅರಿವು ಆಪ್ಷನ್ ದರಕ್ಕಿದೆ. 2016ರ ಜೂನ್ 23ರಂದು ಬ್ರಿಟನ್ನಿನಲ್ಲಿ ಐರೋಪ್ಯ ಒಕ್ಕೂಟವನ್ನು ಬಿಡುವ ಬಗ್ಗೆ ಜನಮತಗಣನೆ ನಡೆಯುವುದು ಎಲ್ಲರಿಗೂ ಗೊತ್ತಿತ್ತು. ಮೇ ತಿಂಗಳ ಕೊನೆಯ ಹೊತ್ತಿಗೆ ಆ ದಿನಾಂಕ ಒಂದು ತಿಂಗಳ ಆಪ್ಷನ್ನಿನ ಅವಧಿಯೊಳಗೆ ಸೇರುತ್ತಿದ್ದಂತೆಯೇ ಪೌಂಡಿನ ಇಂಪ್ಲೈಡ್ ವೊಲಾಟಿಲಿಟಿ ಮೇಲಕ್ಕೆ ಹಾರಿ, ಜೂನ್ ಮಧ್ಯದಲ್ಲಿ 20% ದಾಟಿತ್ತು. ದೈನಂದಿನ ದರಗಳಿಂದ ತೆಗೆದ ಅಳತೆ ಆಗ ಅದಕ್ಕಿಂತ ಬಹಳ ಕೆಳಗಿತ್ತು. ಜೂನ್ 24ರಂದು ಪೌಂಡ್ ಡಾಲರಿನೆದುರು ಸುಮಾರು 8% ಕುಸಿದ ಮೇಲೆ ಅದು ಎಚ್ಚೆತ್ತಿತು.

ಹಾಗೆಂದು ಇಂಪ್ಲೈಡ್ ವೊಲಾಟಿಲಿಟಿ ಶುದ್ಧ ಮುನ್ಸೂಚನೆಯೇನೂ ಅಲ್ಲ. ಅದು ಒಂದು ಬೆಲೆ; ಆಪ್ಷನ್ ಮಾರುವವರು ಹೊರುವ ಅಪಾಯದ ಕೂಲಿ ಮತ್ತು ಬ್ಯಾಂಕಿನ ಲಾಭ ಅದರಲ್ಲಿ ಸೇರಿರುತ್ತವೆ. ಆದ್ದರಿಂದ 2.4 ಮತ್ತು 3.5ರ ನಡುವಿನ ಅಂತರವನ್ನೆಲ್ಲ ಮುಂಬರುವ ಗದ್ದಲವೆಂದು ಓದಬಾರದು. ಕೇಂದ್ರ ಬ್ಯಾಂಕು ದರವನ್ನು ಹಿಡಿದಿಟ್ಟ ಕಡೆ ಎರಡೂ ಅಳತೆಗಳು ಸೋಲುತ್ತವೆ: 2015ರ ಜನವರಿ 15ರಂದು ಸ್ವಿಸ್ ನ್ಯಾಷನಲ್ ಬ್ಯಾಂಕು ಯೂರೋಗೆ 1.20 ಫ್ರಾಂಕಿನ ಕನಿಷ್ಠ ಮಿತಿಯನ್ನು ಏಕಾಏಕಿ ಕೈಬಿಟ್ಟಾಗ ಯಾವುದೂ ಮುಂಚಿತವಾಗಿ ಎಚ್ಚರಿಸಿರಲಿಲ್ಲ. ರೂಪಾಯಿಯ ಮಾರುಕಟ್ಟೆಯಲ್ಲೂ ರಿಸರ್ವ್ ಬ್ಯಾಂಕು ಆಗಾಗ ಮಧ್ಯಪ್ರವೇಶಿಸುವುದರಿಂದ, 2.4%ದಂತಹ ಸಂಖ್ಯೆ ಕಂಡಾಗ ನನಗೆ ನೆಮ್ಮದಿಗಿಂತ ಅನುಮಾನವೇ ಹೆಚ್ಚು.

ಡಾಲರ್ ಬಿಲ್ಲುಗಳಿಗೆ ತಿಂಗಳಿಗೊಮ್ಮೆ ಎರಡು ಬ್ಯಾಂಕುಗಳಿಂದ ಫಾರ್ವರ್ಡ್ ಸ್ಟ್ರೈಕಿನ ಕಾಲ್ ಮತ್ತು ಪುಟ್ ದರ ಕೇಳಿ, ಮೇಲಿನ ಸೂತ್ರದಿಂದ ಸಂಖ್ಯೆ ತೆಗೆದು, ಅದರಂತೆ ಹಣ ಕಾಯ್ದಿರಿಸುತ್ತೇನೆ. ಮಾಹಿತಿ ಟರ್ಮಿನಲ್ಲಿಗೆ ಚಂದಾ ಕಟ್ಟುವಷ್ಟು ಬಜೆಟ್ ನಮಗಿಲ್ಲ, ಮೂರು ತಿಂಗಳ ಬಿಲ್ಲಿಗೆ ಅದರ ಅಗತ್ಯವೂ ಇಲ್ಲ. ಆಪ್ಷನ್ ದರವೇ ಸಿಗದ ಸಣ್ಣ ಕರೆನ್ಸಿಗಳಲ್ಲಿ ಮಾತ್ರ ಪ್ರಮಾಣಿತ ವಿಚಲನೆಯನ್ನು, 0.94ರ ತೂಕದೊಂದಿಗೆ, ಉಳಿಸಿಕೊಂಡಿದ್ದೇನೆ.